ಚಿಪ್ಪಿನಲ್ಲಿ ಕಂಡ ಬೆಳ್ಳಿ ಎಲ್ಲಿಂದ ಬಂತು?

ಕಡಲ ದಂಡೆಯಲ್ಲಿ ಕಪ್ಪೆಚಿಪ್ಪೊಂದು ಬಿದ್ದಿದೆ. ದೂರದಿಂದ ನೋಡಿದವನ ಕಣ್ಣಿಗೆ ಅದು ಬೆಳ್ಳಿ. ಆಸೆಯಿಂದ ಹತ್ತಿರ ಹೋಗಿ ಎತ್ತಿಕೊಂಡರೆ ಕೈಗೆ ಸಿಗುವುದು ಬರೀ ಚಿಪ್ಪು. ಹಾಗಾದರೆ ಮೊದಲು ಕಂಡ ಬೆಳ್ಳಿ ಏನು? ಶಂಕರರು ಬ್ರಹ್ಮಸೂತ್ರ ಭಾಷ್ಯದ ಪೀಠಿಕೆಯಲ್ಲಿ ಈ ಉದಾಹರಣೆಯನ್ನು ಎತ್ತಿಕೊಂಡರು. ಅದೇ ಸೂತ್ರಗಳಿಗೆ ಶ್ರೀಭಾಷ್ಯ ಬರೆದ ರಾಮಾನುಜರು ಅದೇ ಚಿಪ್ಪನ್ನು ಹಿಡಿದು ಬೇರೆಯೇ ಉತ್ತರ ಕೊಟ್ಟರು. ಮಾಯೆ ಮತ್ತು ಬ್ರಹ್ಮದ ವಿಚಾರದಲ್ಲಿ ಇಬ್ಬರೂ ಎಲ್ಲಿ ಬೇರೆಯಾಗುತ್ತಾರೆ ಎಂಬುದನ್ನು ತಿಳಿಯಲು ಇದಕ್ಕಿಂತ ನೇರವಾದ ದಾರಿ ನನಗೆ ಗೊತ್ತಿಲ್ಲ.

ಅದ್ವೈತಿಗಳ ಉತ್ತರ ಹೀಗಿದೆ. ಆ ಬೆಳ್ಳಿ ನಿಜವಲ್ಲ, ಏಕೆಂದರೆ ಚಿಪ್ಪಿನ ಅರಿವು ಬಂದೊಡನೆ ಅದು ಅಳಿಸಿಹೋಗುತ್ತದೆ. ಹಾಗೆಂದು ಅದು ಮೊಲದ ಕೊಂಬಿನಂತೆ ಪೂರಾ ಇಲ್ಲದ್ದೂ ಅಲ್ಲ. ಮೊಲದ ಕೊಂಬು ಯಾರಿಗೂ ಕಾಣುವುದಿಲ್ಲ, ಬೆಳ್ಳಿಯಾದರೋ ಕಂಡಿತು, ಕೈಚಾಚುವಂತೆಯೂ ಮಾಡಿತು. ಇದೆ ಎನ್ನಲೂ ಆಗದ, ಇಲ್ಲ ಎನ್ನಲೂ ಆಗದ ಇದನ್ನು ಅವರು ‘ಅನಿರ್ವಚನೀಯ’ ಎಂದರು. ಜಗತ್ತಿನ ಸ್ಥಿತಿಯೂ ಇಂಥದ್ದೇ. ಬ್ರಹ್ಮಜ್ಞಾನ ಬರುವವರೆಗೆ ಹಸಿವು, ಅನ್ನ, ಗುರು, ಶಾಸ್ತ್ರ ಎಲ್ಲವೂ ವ್ಯವಹಾರದಲ್ಲಿ ಸತ್ಯವೇ. ‘ಮಾಯೆ ಎಂದರೆ ಜಗತ್ತೇ ಇಲ್ಲ’ ಎಂದು ಶಂಕರರ ಬಾಯಿಗೆ ಮಾತು ತುರುಕುವವರು ಇದನ್ನು ಗಮನಿಸಬೇಕು. ಅವರ ಪ್ರಕಾರ ಕೊನೆಗೂ ಅಳಿಯದೆ ಉಳಿಯುವುದು ಒಂದೇ: ಗುಣವಿಲ್ಲದ, ಭೇದವಿಲ್ಲದ, ಅರಿವೇ ತಾನಾದ ಬ್ರಹ್ಮ.

ರಾಮಾನುಜರು ಇದನ್ನು ಬುಡದಲ್ಲೇ ಪ್ರಶ್ನಿಸುತ್ತಾರೆ. ಶ್ರೀಭಾಷ್ಯದ ಮೊದಲ ಸೂತ್ರದ ವ್ಯಾಖ್ಯಾನದಲ್ಲಿ ಅವರು ಎತ್ತಿದ ಆಕ್ಷೇಪಗಳನ್ನು ಪರಂಪರೆ ಏಳು ಅನುಪಪತ್ತಿಗಳೆಂದು ಎಣಿಸುತ್ತದೆ. ಅವುಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಹರಿತವಾದದ್ದು: ಈ ಅವಿದ್ಯೆ ಯಾರದು? ಜೀವನದು ಎನ್ನೋಣವೆಂದರೆ ಜೀವಭಾವವೇ ಅವಿದ್ಯೆಯಿಂದ ಬಂದದ್ದು, ಮಗನಿಂದ ತಾಯಿ ಹುಟ್ಟಿದಂತಾಗುತ್ತದೆ. ಬ್ರಹ್ಮದ್ದು ಎನ್ನೋಣವೆಂದರೆ ಅರಿವೇ ಸ್ವರೂಪವಾದದ್ದಕ್ಕೆ ಅಜ್ಞಾನ ಅಂಟುವುದು ಹೇಗೆ? ಅದ್ವೈತಿಗಳೇ ಇಲ್ಲಿ ಎರಡು ದಾರಿ ಹಿಡಿದರು. ವಾಚಸ್ಪತಿ ಮಿಶ್ರರ ‘ಭಾಮತೀ’ ಪಂಥ ಅವಿದ್ಯೆ ಜೀವನಲ್ಲಿದೆ ಎಂದಿತು. ಜೀವ ಮತ್ತು ಅವಿದ್ಯೆ ಎರಡೂ ಅನಾದಿಯಾದ್ದರಿಂದ ಯಾವುದು ಮೊದಲು ಎಂದು ಕೇಳುವಂತಿಲ್ಲ ಎಂಬುದು ಅವರ ಸಮಾಧಾನ. ಪ್ರಕಾಶಾತ್ಮರ ‘ವಿವರಣ’ ಪಂಥ ಅದರ ನೆಲೆ ಬ್ರಹ್ಮವೇ ಎಂದಿತು. ಶುದ್ಧ ಚೈತನ್ಯ ಅಜ್ಞಾನವನ್ನು ಬೆಳಗುತ್ತದೆ, ನಾಶಮಾಡುವುದಿಲ್ಲ ಎಂದು ಅವರು ವಿವರಿಸಿದರು. ಎರಡೂ ಸಮರ್ಥವಾದ ಉತ್ತರಗಳೇ. ಆದರೂ ಪ್ರಶ್ನೆಯ ಮೊನೆ ಪೂರ್ತಿ ಮುರಿದಿಲ್ಲ ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ರಾಮಾನುಜರ ಪ್ರಕಾರ ಬೆಳ್ಳಿ ಎಲ್ಲಿಂದ ಬಂತು? ಅದು ಚಿಪ್ಪಿನಲ್ಲೇ ಇತ್ತು! ಛಾಂದೋಗ್ಯ ಉಪನಿಷತ್ತಿನ ತ್ರಿವೃತ್ಕರಣದಂತೆ ಮೂಲಭೂತಗಳು ಒಂದರಲ್ಲೊಂದು ಬೆರೆತೇ ವಸ್ತುಗಳಾಗಿವೆ. ಬೆಳ್ಳಿಯನ್ನು ಹೋಲುವ ಚಿಪ್ಪಿನಲ್ಲಿ ಬೆಳ್ಳಿಯ ಅಂಶ ಕೊಂಚ ಇದ್ದೇ ಇದೆ. ಇದಕ್ಕೆ ಅವರು ಯಜ್ಞಶಾಲೆಯ ಸಾಕ್ಷಿ ತರುತ್ತಾರೆ: ಸೋಮಲತೆ ಸಿಗದಿದ್ದರೆ ಪೂತೀಕವನ್ನೂ, ಭತ್ತ ಸಿಗದಿದ್ದರೆ ನೀವಾರವೆಂಬ ಕಾಡುಭತ್ತವನ್ನೂ ಬಳಸಲು ಶಾಸ್ತ್ರ ಒಪ್ಪುವುದು ಅವುಗಳಲ್ಲಿ ಮೂಲದ್ರವ್ಯದ ಅಂಶ ಇರುವುದರಿಂದಲೇ. ಕಣ್ಣಿನ ದೋಷದಿಂದ ಹೆಚ್ಚಿದ್ದ ಚಿಪ್ಪಿನ ಭಾಗ ಕಾಣದೆ, ಕಡಿಮೆಯಿದ್ದ ಬೆಳ್ಳಿಯ ಭಾಗ ಕಂಡಿತು. ಭ್ರಮೆ ಎಂದರೆ ಇಲ್ಲದ್ದನ್ನು ಕಂಡದ್ದಲ್ಲ, ಇದ್ದದ್ದನ್ನು ಅರೆಬರೆ ಕಂಡದ್ದು. ಇದೇ ಯಥಾರ್ಥಖ್ಯಾತಿ. ಆ ಬೆಳ್ಳಿಯಿಂದ ಬಳೆ ಮಾಡಿಸಲಾಗದು, ವ್ಯವಹಾರಕ್ಕೆ ಒದಗದು, ಆದ್ದರಿಂದ ಅದನ್ನು ತಪ್ಪು ತಿಳಿವಳಿಕೆ ಎನ್ನುತ್ತೇವೆ. ಕನಸಿನಲ್ಲಿ ಕಂಡದ್ದೂ ಅವರಿಗೆ ಸುಳ್ಳಲ್ಲ. ಆಯಾ ಜೀವನ ಕರ್ಮಕ್ಕೆ ತಕ್ಕಂತೆ, ಆ ಹೊತ್ತಿಗಷ್ಟೇ, ಅವನೊಬ್ಬನಿಗಾಗಿ ಈಶ್ವರ ಮಾಡಿದ ಸೃಷ್ಟಿ ಅದು.

ಈ ಸಿದ್ಧಾಂತ ನಮ್ಮ ಅನುಭವಕ್ಕೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ ಎಂಬುದು ನಿಜ. ಆದರೆ ರಾಮಾನುಜರಿಗೆ ಇದು ಬೇಕಿತ್ತು. ಒಂದೇ ಒಂದು ಸುಳ್ಳು ಬೆಳ್ಳಿಯನ್ನು ಒಪ್ಪಿದರೂ ಜಗತ್ತನ್ನೂ ಅದರ ಪಕ್ಕದಲ್ಲಿ ಕೂರಿಸಲು ದಾರಿಯಾಗುತ್ತದೆ. ಅವರಿಗೆ ಮಾಯೆ ಎಂದರೆ ಪ್ರಕೃತಿ, ವಿಚಿತ್ರ ಸೃಷ್ಟಿಗೆ ಈಶ್ವರನ ಕೈಯಲ್ಲಿರುವ ನಿಜವಾದ ಉಪಕರಣ. ಚೇತನವೂ ಅಚೇತನವೂ ಅವನ ಶರೀರ. ಯಾವುದನ್ನು ಒಬ್ಬ ಚೇತನ ಸದಾ ಹೊತ್ತು, ನಡೆಸಿ, ತನಗಾಗಿಯೇ ಇರಿಸಿಕೊಂಡಿರುತ್ತಾನೋ ಅದು ಅವನ ಶರೀರ ಎಂಬುದು ಅವರ ಲಕ್ಷಣ. ಹೀಗೆ ಬ್ರಹ್ಮ ಒಂದೇ, ಆದರೆ ಬರಿದಲ್ಲ. ಶ್ರುತಿ ‘ನಿರ್ಗುಣ’ ಎಂದಾಗ ಕೀಳು ಗುಣಗಳನ್ನು ಮಾತ್ರ ನಿರಾಕರಿಸುತ್ತದೆ, ಕಲ್ಯಾಣಗುಣಗಳನ್ನಲ್ಲ.

ಸಾಧಕನಿಗೆ ಇದರ ಫಲವೇ ಬೇರೆ. ಬಂಧ ಬೆಳ್ಳಿಯ ಭ್ರಮೆಯಂಥದ್ದಾದರೆ ಅರಿವೊಂದೇ ಸಾಕು, ಬದುಕಿರುವಾಗಲೇ ಮುಕ್ತನಾಗಬಹುದು. ಶಂಕರರು ಹಾಗೆಂದೇ ಹೇಳಿದರು. ರಾಮಾನುಜರಿಗೆ ಬಂಧ ಕರ್ಮದಿಂದ ಬಂದ ನಿಜವಾದ ಕಟ್ಟು. ವಾಕ್ಯದ ಅರ್ಥ ತಿಳಿದ ಮಾತ್ರಕ್ಕೆ ಅದು ಬಿಚ್ಚಿಕೊಳ್ಳುವುದಿಲ್ಲ, ಭಕ್ತಿರೂಪವಾದ ಉಪಾಸನೆಯೂ ಭಗವಂತನ ಪ್ರಸಾದವೂ ಬೇಕು. ಆದ್ದರಿಂದಲೇ ವಿಶಿಷ್ಟಾದ್ವೈತ ಜೀವನ್ಮುಕ್ತಿಯನ್ನು ಒಪ್ಪುವುದಿಲ್ಲ.