ರಾಜ ಯಾರ ಕೈಯಲ್ಲಿ?

ಬ್ರಿಜ್ ಆಟದಲ್ಲಿ ರಾಣಿಯಿಂದ ಟ್ರಿಕ್ ಗೆಲ್ಲಬೇಕು, ಆದರೆ ಅದನ್ನು ಹೊಡೆಯುವ ರಾಜ ಎದುರಾಳಿಗಳ ಬಳಿ ಇದೆ. ಆಗ ನೆರವಿಗೆ ಬರುವ ಉಪಾಯವೇ ಫಿನೆಸ್. ಅದರ ಗುಟ್ಟೆಲ್ಲ ಎಲೆ ಇಳಿಯುವ ಸರದಿಯಲ್ಲಿದೆ.

ನೀವು ದಕ್ಷಿಣದಲ್ಲಿ ಕೂತು ತುರುಫು ಇಲ್ಲದ ಆಟ ಆಡುತ್ತಿದ್ದೀರಿ ಎನ್ನಿ. ಎದುರಿಗೆ, ಉತ್ತರದಲ್ಲಿರುವ ಜೊತೆಗಾರ ತನ್ನ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟಿದ್ದಾನೆ. ಅದು ಡಮ್ಮಿ, ಅದನ್ನೂ ಆಡುವವರು ನೀವೇ. ಡಮ್ಮಿಯಲ್ಲಿ ಆಟೀನಿನ ಎಕ್ಕ, ರಾಣಿ, ಗುಲಾಮ ಇವೆ. ನಿಮ್ಮ ಕೈಯಲ್ಲಿ 7, 5, 3. ಉಳಿದ 7 ಆಟೀನುಗಳು ಪೂರ್ವ ಪಶ್ಚಿಮದವರಲ್ಲಿ ಹಂಚಿಹೋಗಿವೆ.

ನಿಮ್ಮ ಕೈಯಿಂದ 3 ಇಳಿಸಿ. ಮುಂದಿನ ಸರದಿ ಪಶ್ಚಿಮದವನದು, ಆಮೇಲೆ ಡಮ್ಮಿಯದು. ಪಶ್ಚಿಮದವನು ರಾಜನನ್ನೇ ಹಾಕಿದರೆ ಎಕ್ಕದಿಂದ ಹೊಡೆಯಿರಿ. ರಾಣಿ, ಗುಲಾಮ ಎರಡೂ ಗೆಲ್ಲುವ ಎಲೆಗಳಾಗುತ್ತವೆ. ಅವನು ಸಣ್ಣ ಎಲೆ ಹಾಕಿದರೆ ಡಮ್ಮಿಯಿಂದ ರಾಣಿ ಹಾಕಿ. ರಾಜ ಪಶ್ಚಿಮದವನಲ್ಲೇ ಇದ್ದರೆ ರಾಣಿ ಗೆಲ್ಲುತ್ತದೆ, ಏಕೆಂದರೆ ಅವನ ಸರದಿ ಆಗಲೇ ಮುಗಿದಿದೆ.

ಹೊಸಬರು ಎಡವುವುದು ಇದರ ನಂತರ. ರಾಣಿ ಗೆದ್ದ ಖುಷಿಯಲ್ಲಿ ಡಮ್ಮಿಯಿಂದಲೇ ಗುಲಾಮ ಇಳಿಸುತ್ತಾರೆ. ಈಗ ಪಶ್ಚಿಮದವನ ಸರದಿ ಕೊನೆಯದು, ರಾಜ ಹಾಕಿ ಗೆಲ್ಲುತ್ತಾನೆ. ಬೇರೆ ಬಣ್ಣದ ಒಂದು ಟ್ರಿಕ್ ಗೆದ್ದು ನಿಮ್ಮ ಕೈಗೆ ವಾಪಸಾಗಿ, 5 ಇಳಿಸಿ, ಅದೇ ಆಟವನ್ನು ಮತ್ತೆ ಆಡಬೇಕು. ಹೀಗೆ ಕೈಗೆ ಬರುವ ದಾರಿಗಳನ್ನು ಮೊದಲೇ ಎಣಿಸಿಟ್ಟುಕೊಳ್ಳದಿದ್ದರೆ ಅರ್ಧ ಫಿನೆಸ್ ಆದಂತೆ.

ರಾಜ ಪೂರ್ವದವನಲ್ಲಿದ್ದರೆ? ರಾಣಿ ಸೋಲುತ್ತದೆ, ನಿಮಗೆ 3ರ ಬದಲು 2 ಟ್ರಿಕ್. ಚಾಣಾಕ್ಷ ಪೂರ್ವದವನಾದರೆ ಮೊದಲ ಸಲ ರಾಜನನ್ನು ಅಡಗಿಸಿಟ್ಟು ಸಣ್ಣ ಎಲೆ ಹಾಕಿ ಸುಮ್ಮನಿರುತ್ತಾನೆ. ರಾಜ ಪಶ್ಚಿಮದಲ್ಲಿದೆಯೆಂದು ನಂಬಿ ನೀವು ಕೈಗೆ ಬರಲು ಒಂದು ದಾರಿ ಖರ್ಚು ಮಾಡುತ್ತೀರಿ, ಆಮೇಲೆ ಗುಲಾಮನನ್ನು ಕಳೆದುಕೊಳ್ಳುತ್ತೀರಿ. ನನ್ನ ಮಟ್ಟಿಗೆ ಬ್ರಿಜ್‌ನ ಸೊಗಸಾದ ತುಂಟತನಗಳಲ್ಲಿ ಇದೊಂದು.

ಬೇರೇನೂ ಗೊತ್ತಿಲ್ಲದಿದ್ದರೆ ಇದು ಸರಿಸುಮಾರು ಅರ್ಧಕ್ಕರ್ಧ ಅದೃಷ್ಟದಾಟ. ಆದರೆ ಬ್ರಿಜ್‌ನಲ್ಲಿ ಏನೂ ಗೊತ್ತಿಲ್ಲದಿರುವುದು ಅಪರೂಪ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಅಂಕ ಲೆಕ್ಕ ಹಾಕುವುದು ವಾಡಿಕೆ. 13 ಅಂಕವಿದ್ದವರು ಸಾಮಾನ್ಯವಾಗಿ ಬಿಡ್ಡಿಂಗ್ ಶುರುಮಾಡುತ್ತಾರೆ. ಮೊದಲ ಸರದಿಯಲ್ಲೇ ಪಾಸ್ ಎಂದಿದ್ದ ಪೂರ್ವದವನು ಆಟದ ನಡುವೆ ಎರಡು ಎಕ್ಕ, ಒಂದು ರಾಜ ತೋರಿಸಿದನೆನ್ನಿ. ಅಲ್ಲಿಗೆ 11 ಅಂಕ. ಆಟೀನಿನ ರಾಜನೂ ಇದ್ದಿದ್ದರೆ 14 ಆಗಿ ಅವನು ಪಾಸ್ ಹೇಳುತ್ತಿರಲಿಲ್ಲ. ಹಾಗಾದರೆ ರಾಜ ಪಶ್ಚಿಮದಲ್ಲಿದೆ. ಧೈರ್ಯವಾಗಿ ರಾಣಿ ಹಾಕಿ.