ಗೋಡೆ ದಪ್ಪ, ಗೆರೆ ಗಿಡ್ಡ: ಅಪ್ಪನ ಹೃದಯ ಹೇಳಿದ ಎರಡು ಕಥೆ

ಅಪ್ಪನ ಬಿಪಿ ಮಾತ್ರೆ ನಿಂತ ದಿನ ಹಾಸನದ ನಮ್ಮ ಮನೆಯಲ್ಲಿ ಅಮ್ಮ ಪಾಯಸ ಮಾಡಿದ್ದರು. ಹದಿನಾಲ್ಕು ವರ್ಷ ಒಂದು ದಿನವೂ ತಪ್ಪಿಸದೆ ನುಂಗಿದ ಮಾತ್ರೆ ಅದು. ‘ನೋಡೋ, ದಿನಾ ವಾಕಿಂಗ್ ಹೋಗಿದ್ದಕ್ಕೆ ಬಿಪಿ ತಾನಾಗೇ ಇಳಿದಿದೆ’ ಅಂತ ಅಪ್ಪ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದರು. ಆಗ ಅವರಿಗೆ ಎಪ್ಪತ್ತೊಂದು. ನಾನೂ ಖುಷಿಪಟ್ಟೆ. ಬಿಪಿ ಇಳಿದದ್ದೇ ಕಾಯಿಲೆಯ ಒಂದು ಗುರುತು ಅಂತ ಗೊತ್ತಾಗೋಕೆ ನಮಗೆ ಇನ್ನೂ ಒಂದು ವರ್ಷ ಬೇಕಾಯಿತು.

ಆ ವರ್ಷದಲ್ಲಿ ಅಪ್ಪನ ವಾಕಿಂಗ್ ಮೂರು ಸುತ್ತಿನಿಂದ ಒಂದಕ್ಕೆ ಇಳಿಯಿತು. ಮಹಡಿ ಹತ್ತಿದರೆ ಏದುಸಿರು. ಸಂಜೆ ಹೊತ್ತಿಗೆ ಕಾಲು ಊದಿಕೊಂಡು ಚಪ್ಪಲಿಯ ಪಟ್ಟಿ ಅಚ್ಚೊತ್ತುತ್ತಿತ್ತು. ಆಸ್ಪತ್ರೆಗೆ ತೋರಿಸಿದೆವು. ಎಕೋ ಮಾಡಿ, ‘ಬಿಪಿಯಿಂದ ಹೃದಯದ ಗೋಡೆ ದಪ್ಪ ಆಗಿದೆ, ಪಂಪಿಂಗ್ 53 ಪರ್ಸೆಂಟ್, ಪರವಾಗಿಲ್ಲ’ ಅಂದರು. ನಾಡಿಬಡಿತ ಸ್ವಲ್ಪ ಜಾಸ್ತಿ ಇದೆ ಅಂತ ಅದನ್ನು ಇಳಿಸೋಕೆ ಬೀಟಾ ಬ್ಲಾಕರ್ ಮಾತ್ರೆ ಬರೆದುಕೊಟ್ಟರು. ಅದು ಶುರುವಾದ ಎರಡನೇ ವಾರ ಅಪ್ಪ ಬಚ್ಚಲುಮನೆಯಲ್ಲಿ ತಲೆಸುತ್ತಿ ಬಿದ್ದರು. ಆಗ ನಾನು ರಜೆ ಹಾಕಿ ಅವರನ್ನು ಬೆಂಗಳೂರಿಗೆ ಕರೆತಂದೆ.

ಇಲ್ಲಿ ನೋಡಿದ ಹೃದ್ರೋಗ ವೈದ್ಯೆ ಫೈಲು ತಿರುವಿ ಎರಡು ಕಾಗದ ಮಾತ್ರ ಹೊರಗೆ ತೆಗೆದರು. ಒಂದು ಎಕೋ ರಿಪೋರ್ಟ್, ಇನ್ನೊಂದು ಇಸಿಜಿ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಆಮೇಲೆ ಅಪ್ಪನ ಕಡೆ ತಿರುಗಿ, ‘ಮೇಷ್ಟ್ರೇ, ನಿಮ್ಮ ಕೈ ಮಣಿಕಟ್ಟಿಗೆ ಯಾವಾಗಲಾದರೂ ಆಪರೇಷನ್ ಆಗಿದೆಯಾ?’ ಅಂದರು. ಅಪ್ಪ ಬೆಪ್ಪಾದರು. ಆರು ವರ್ಷದ ಹಿಂದೆ ಬೆರಳು ಜೋಮು ಹಿಡಿಯುತ್ತೆ ಅಂತ ಎರಡೂ ಕೈಗೆ ಕಾರ್ಪಲ್ ಟನಲ್ ಆಪರೇಷನ್ ಆಗಿತ್ತು. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದೂ ಬರೆದೂ ಹಾಗಾಗಿದೆ ಅಂತ ನಾವೆಲ್ಲ ಅಂದುಕೊಂಡಿದ್ದೆವು.

ವೈದ್ಯೆ ಆ ಎರಡು ಕಾಗದದಲ್ಲಿ ಕಂಡದ್ದು ಒಂದು ವಿರೋಧಾಭಾಸ. ಎಕೋ ಪ್ರಕಾರ ಎಡ ಹೃತ್ಕುಕ್ಷಿಯ, ಅಂದರೆ ರಕ್ತವನ್ನು ಮೈಗೆಲ್ಲ ತಳ್ಳುವ ಕೋಣೆಯ, ಗೋಡೆ 17 ಮಿ.ಮೀ. ದಪ್ಪ. ಸಾಮಾನ್ಯವಾಗಿ ಅದು 10 ಮಿ.ಮೀ. ಆಸುಪಾಸಿನಲ್ಲಿ ಇರಬೇಕು. ಬಿಪಿಯಿಂದ ದಪ್ಪವಾದರೆ ಅಲ್ಲಿ ಬೆಳೆದಿರುವುದು ಸ್ನಾಯು. ಸ್ನಾಯು ಹೆಚ್ಚಿದರೆ ಅದು ಹುಟ್ಟಿಸುವ ವಿದ್ಯುತ್ತೂ ಹೆಚ್ಚಬೇಕು, ಇಸಿಜಿಯ ಗೆರೆಗಳು ಎತ್ತರಕ್ಕೆ ಏಳಬೇಕು. ಇಸಿಜಿ ಕಾಗದದಲ್ಲಿ 10 ಮಿ.ಮೀ. ಎತ್ತರ ಅಂದರೆ ಒಂದು ಮಿಲಿವೋಲ್ಟ್. ಕೈಕಾಲಿನ ಲೀಡ್‌ಗಳಲ್ಲಿ ಯಾವುದರಲ್ಲೂ ಗೆರೆ 5 ಮಿ.ಮೀ. ದಾಟದಿದ್ದರೆ ಅದನ್ನು ಲೋ ವೋಲ್ಟೇಜ್ ಅನ್ನುತ್ತಾರೆ. ಅಪ್ಪನದು ಒಂದರಲ್ಲೂ 4 ದಾಟಿರಲಿಲ್ಲ.

‘ಗೋಡೆ ದಪ್ಪ ಇದೆ, ಆದರೆ ದಪ್ಪಕ್ಕೆ ತಕ್ಕ ಕರೆಂಟ್ ಇಲ್ಲ. ಹಾಗಾದರೆ ಗೋಡೆಯೊಳಗೆ ಸ್ನಾಯು ಅಲ್ಲದ್ದು ಏನೋ ತುಂಬಿಕೊಂಡಿದೆ’ ಅಂದರು ವೈದ್ಯೆ. ನಾನು ಸಾಫ್ಟ್‌ವೇರ್‌ನವನು. ಎರಡು ಲಾಗ್‌ಗಳು ಒಂದಕ್ಕೊಂದು ತಾಳೆ ಆಗದಿದ್ದರೆ ದೋಷ ಅಲ್ಲೇ ಎಲ್ಲೋ ಅಡಗಿರುತ್ತೆ ಅನ್ನುವುದು ನಮ್ಮ ಕೆಲಸದಲ್ಲಿ ಮೊದಲ ಪಾಠ. ಎರಡು ರಿಪೋರ್ಟೂ ಒಂದೇ ಫೈಲಿನಲ್ಲಿ ತಿಂಗಳುಗಟ್ಟಲೆ ಇದ್ದವು. ಪಕ್ಕಪಕ್ಕ ಇಟ್ಟು ನೋಡಿದವರು ಇರಲಿಲ್ಲ, ನನ್ನನ್ನೂ ಸೇರಿಸಿ.

ಹಾಗೆ ತುಂಬಿಕೊಳ್ಳುವ ವಸ್ತುವಿನ ಹೆಸರು ಅಮೈಲಾಯ್ಡ್. ದೇಹದಲ್ಲೇ ತಯಾರಾಗುವ ಯಾವುದೋ ಪ್ರೋಟೀನ್ ತಪ್ಪಾಗಿ ಮಡಚಿಕೊಂಡು, ಸಣ್ಣ ಸಣ್ಣ ನಾರುಗಳಾಗಿ, ಹೃದಯದ ಸ್ನಾಯುಕೋಶಗಳ ಮಧ್ಯೆ ಕೂರುತ್ತದೆ. ಅದಕ್ಕೆ ಕುಗ್ಗಲೂ ಬರುವುದಿಲ್ಲ, ಹಿಗ್ಗಲೂ ಬರುವುದಿಲ್ಲ. ಮಣಿಕಟ್ಟಿನ ಸುರಂಗದಲ್ಲೂ ಅದೇ ಕೂತು ನರವನ್ನು ಒತ್ತುತ್ತದೆ. ಹೃದಯದ ತೊಂದರೆಗೆ ಎಷ್ಟೋ ವರ್ಷ ಮುಂಚೆ ಕೈ ಜೋಮು ಹಿಡಿಯುವುದು ಅದಕ್ಕೇ.

ಒಂದು ಎಚ್ಚರಿಕೆ. ಇಸಿಜಿ ಗೆರೆ ಗಿಡ್ಡ ಇಲ್ಲ ಅಂದಮಾತ್ರಕ್ಕೆ ಈ ಕಾಯಿಲೆ ಇಲ್ಲ ಅಂತಲ್ಲ. ಅಪ್ಪನಿಗಿರುವ ಬಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಲೋ ವೋಲ್ಟೇಜ್ ಕಾಣುವುದೇ ಇಲ್ಲ. ಹಾಗೇ ಹೃದಯದ ಸುತ್ತ ನೀರು ತುಂಬಿದರೂ, ಮೈ ತುಂಬ ದಪ್ಪ ಇದ್ದರೂ ಗೆರೆ ಗಿಡ್ಡವಾಗಬಹುದು. ಮುಖ್ಯವಾದದ್ದು ಗೋಡೆಗೂ ಗೆರೆಗೂ ಇರುವ ಹೊಂದಾಣಿಕೆ.

ಪಂಪಿಂಗ್ 53 ಪರ್ಸೆಂಟ್ ಇದ್ದೂ ಅಪ್ಪನಿಗೆ ಯಾಕೆ ಏದುಸಿರು? ಇದನ್ನು ವೈದ್ಯೆ ಒಂದು ಚೀಟಿಯ ಹಿಂದೆ ಲೆಕ್ಕ ಮಾಡಿ ತೋರಿಸಿದರು. ಆರೋಗ್ಯವಂತ ಹೃದಯದ ಕೋಣೆಯಲ್ಲಿ 120 ಮಿ.ಲೀ. ರಕ್ತ ತುಂಬಿ, ಪ್ರತಿ ಬಡಿತಕ್ಕೆ 70 ಹೊರಹೋಗುತ್ತದೆ ಅನ್ನಿ. ಅದು 58 ಪರ್ಸೆಂಟ್. ಅಪ್ಪನ ಹೃದಯ ಬಿರುಸಾಗಿರುವುದರಿಂದ ಹಿಗ್ಗಿ ತುಂಬಿಕೊಳ್ಳುವುದೇ 75 ಮಿ.ಲೀ. ಅದರಲ್ಲಿ 40 ಹೊರಹೋದರೆ ಅದೂ 53 ಪರ್ಸೆಂಟೇ. ಪರ್ಸೆಂಟ್ ಚೆನ್ನಾಗಿಯೇ ಕಾಣುತ್ತದೆ, ಮೈಗೆ ಸಿಗುವ ರಕ್ತ ಮಾತ್ರ ಅರ್ಧಕ್ಕೆ ಹತ್ತಿರ.

ಬಡಿತಕ್ಕೆ 40 ಮಿ.ಲೀ. ಮೀರಿ ಕೊಡಲಾರದ ಹೃದಯಕ್ಕೆ ಉಳಿದಿರುವ ದಾರಿ ಒಂದೇ, ಬೇಗ ಬೇಗ ಬಡಿದುಕೊಳ್ಳುವುದು. ನಿಮಿಷಕ್ಕೆ 86 ಬಡಿದರೆ 3.4 ಲೀಟರ್ ಆಯಿತು. ಬೀಟಾ ಬ್ಲಾಕರ್ ಕೊಟ್ಟು ಬಡಿತವನ್ನು 56ಕ್ಕೆ ಇಳಿಸಿದಾಗ ಅದು 2.2 ಲೀಟರ್‌ಗೆ ಬಿತ್ತು. ಅಪ್ಪ ಬಚ್ಚಲಲ್ಲಿ ಬಿದ್ದದ್ದು ಆ ವ್ಯತ್ಯಾಸಕ್ಕೆ. ಬಿಪಿ ತಾನಾಗೇ ಇಳಿದದ್ದರ ಹಿಂದೆ ಇದ್ದದ್ದೂ ಇದೇ ಕೊರತೆ.

ಮುಂದಿನ ಹೆಜ್ಜೆಯ ಕ್ರಮ ತಪ್ಪಬಾರದು ಅಂತ ವೈದ್ಯೆ ಎರಡು ಸಲ ಹೇಳಿದರು. ಹೃದಯದಲ್ಲಿ ಕೂರುವ ಅಮೈಲಾಯ್ಡ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಎಎಲ್. ಎಲುಬಿನ ಮಜ್ಜೆಯ ಪ್ಲಾಸ್ಮಾ ಕೋಶಗಳು ಕೆಟ್ಟು, ಲೈಟ್ ಚೈನ್ ಅನ್ನುವ ಪ್ರೋಟೀನ್ ತುಣುಕನ್ನು ಅತಿಯಾಗಿ ಸುರಿಸುತ್ತವೆ. ಇದು ತುರ್ತು. ಚಿಕಿತ್ಸೆ ಇಲ್ಲದಿದ್ದರೆ ತಿಂಗಳುಗಳಲ್ಲೇ ಜೀವಕ್ಕೆ ಕುತ್ತು, ಮತ್ತು ನೋಡಬೇಕಾದವರು ರಕ್ತರೋಗ ತಜ್ಞರು. ಇನ್ನೊಂದು ಎಟಿಟಿಆರ್. ಪಿತ್ತಜನಕಾಂಗ, ಅಂದರೆ ಲಿವರ್, ತಯಾರಿಸುವ ಟ್ರಾನ್ಸ್‌ಥೈರೆಟಿನ್ ಅನ್ನುವ ಪ್ರೋಟೀನ್ ಇಲ್ಲಿ ಕೈಕೊಡುತ್ತದೆ. ಇದು ನಿಧಾನ. ಒಂದರ ಔಷಧಿ ಇನ್ನೊಂದಕ್ಕೆ ಕೆಲಸಕ್ಕೆ ಬಾರದು.

ಎಟಿಟಿಆರ್ ಪತ್ತೆಗೆ ಪೈರೋಫಾಸ್ಫೇಟ್ ಸ್ಕ್ಯಾನ್ ಇದೆ. ಎಲುಬಿಗೆ ಅಂಟುವ ವಿಕಿರಣದ ಔಷಧಿಯನ್ನು ನರಕ್ಕೆ ಕೊಟ್ಟು, ಒಂದರಿಂದ ಮೂರು ಗಂಟೆ ಬಿಟ್ಟು ಚಿತ್ರ ತೆಗೆಯುತ್ತಾರೆ. ಹೃದಯ ಪಕ್ಕೆಲುಬಿನಷ್ಟೇ ಹೊಳೆದರೆ ಗ್ರೇಡ್ 2, ಅದಕ್ಕಿಂತ ಹೆಚ್ಚು ಹೊಳೆದರೆ 3. ತೊಡಕೇನೆಂದರೆ ಕೆಲವು ಸಲ ಎಎಲ್ ಇದ್ದವರ ಹೃದಯವೂ ಹೊಳೆಯುತ್ತದೆ. ಸ್ಕ್ಯಾನ್ ಒಂದನ್ನೇ ನಂಬಿದರೆ ತುರ್ತು ಕಾಯಿಲೆಯನ್ನು ನಿಧಾನದ್ದು ಅಂತ ತಿಳಿದು ಅಮೂಲ್ಯ ವಾರಗಳು ಕಳೆದುಹೋಗುತ್ತವೆ. ಅದಕ್ಕೇ ಲೈಟ್ ಚೈನ್ ಅಳತೆ, ರಕ್ತ ಮತ್ತು ಮೂತ್ರದ ಇಮ್ಯುನೋಫಿಕ್ಸೇಷನ್, ಈ ಮೂರು ಪರೀಕ್ಷೆ ಬೇಕೇ ಬೇಕು. ಅಪ್ಪನ ಮೂರೂ ಸರಿಯಾಗಿ ಬಂದವು. ಸ್ಕ್ಯಾನ್‌ನಲ್ಲಿ ಗ್ರೇಡ್ 3. ಹೊಳೆಯುತ್ತಿರುವುದು ಕೋಣೆಯೊಳಗಿನ ರಕ್ತವಲ್ಲ, ಗೋಡೆಯೇ ಅಂತ ಸ್ಪೆಕ್ಟ್ ಚಿತ್ರದಲ್ಲಿ ಖಚಿತ ಮಾಡಿಕೊಂಡರು. ಇಷ್ಟು ಸಿಕ್ಕರೆ ಹೃದಯದಿಂದ ಚೂರು ಕತ್ತರಿಸಿ ಬಯಾಪ್ಸಿ ಮಾಡಬೇಕಿಲ್ಲ.

ಆಮೇಲೆ ಒಂದು ಜೀನ್ ಪರೀಕ್ಷೆ. ಅದರ ಫಲಿತಾಂಶಕ್ಕೆ ಕಾದ ದಿನಗಳು ನನಗೂ ಅಕ್ಕನಿಗೂ ಕಷ್ಟದವು. ಟ್ರಾನ್ಸ್‌ಥೈರೆಟಿನ್ ಜೀನ್‌ನಲ್ಲೇ ದೋಷ ಇದ್ದರೆ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಅಕ್ಕ ದಿನಾ ರಾತ್ರಿ ಫೋನ್ ಮಾಡಿ ಬೇರೆ ಏನೇನೋ ಮಾತಾಡಿ ಇಡುತ್ತಿದ್ದಳು. ರಿಪೋರ್ಟ್‌ನಲ್ಲಿ ದೋಷ ಇರಲಿಲ್ಲ. ಅಪ್ಪನದು ವಯಸ್ಸಿನೊಂದಿಗೆ ಬರುವ ಬಗೆ.

ಈಗ ಔಷಧಿಯ ಮಾತು. ಟ್ರಾನ್ಸ್‌ಥೈರೆಟಿನ್ ನಾಲ್ಕು ತುಂಡು ಕೂಡಿ ಆಗಿರುವ ಪ್ರೋಟೀನ್. ಆ ಜೋಡಣೆ ಬಿಚ್ಚಿಕೊಂಡಾಗ ತುಂಡುಗಳು ತಪ್ಪಾಗಿ ಮಡಚಿ ನಾರಾಗುತ್ತವೆ. ಟಫಾಮಿಡಿಸ್ ಅನ್ನುವ ಕ್ಯಾಪ್ಸೂಲ್ ನಾಲ್ಕನ್ನೂ ಬಿಗಿಯಾಗಿ ಹಿಡಿದಿಡುತ್ತದೆ. 441 ರೋಗಿಗಳ ಮೇಲೆ ಮೂವತ್ತು ತಿಂಗಳು ನಡೆದ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಔಷಧಿ ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 30 ಜನ ತೀರಿಕೊಂಡಿದ್ದರೆ, ಹುಸಿಮಾತ್ರೆ ತೆಗೆದುಕೊಂಡವರಲ್ಲಿ 43. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದೇ ರೀತಿ ಕೆಲಸ ಮಾಡುವ ಅಕೊರಾಮಿಡಿಸ್‌ಗೆ 2024ರಲ್ಲಿ ಸಿಕ್ಕಿತು. 2025ರಲ್ಲಿ ಒಪ್ಪಿಗೆ ಪಡೆದ ವುಟ್ರಿಸಿರಾನ್ ಬೇರೆ ದಾರಿ ಹಿಡಿಯುತ್ತದೆ. ಮೂರು ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಈ ಚುಚ್ಚುಮದ್ದು, ಲಿವರ್ ಆ ಪ್ರೋಟೀನ್ ತಯಾರಿಸುವುದನ್ನೇ ತಗ್ಗಿಸುತ್ತದೆ. ವಿಟಮಿನ್ ಎ ಸಾಗಿಸುವುದರಲ್ಲೂ ಆ ಪ್ರೋಟೀನಿನ ಪಾತ್ರ ಇರುವುದರಿಂದ ಜೊತೆಗೆ ವಿಟಮಿನ್ ಎ ತೆಗೆದುಕೊಳ್ಳಬೇಕಾಗುತ್ತದೆ. ಎಎಲ್ ಬಗೆಗೆ ಡಾರಾಟುಮುಮಾಬ್ ಅನ್ನುವ ಚುಚ್ಚುಮದ್ದು ಹಳೆಯ ಔಷಧಿಗಳ ಜೊತೆ ಸೇರಿ 2021ರಿಂದ ಬಳಕೆಗೆ ಬಂದಿದೆ.

‘ಹಾಗಾದರೆ ಗುಣ ಆಗುತ್ತಲ್ಲವಾ ಡಾಕ್ಟ್ರೇ?’ ಅಂದರು ಅಮ್ಮ. ‘ಇಲ್ಲಮ್ಮ. ಈಗಾಗಲೇ ಕೂತಿರೋದನ್ನ ಈ ಔಷಧಿ ತೆಗೆಯಲ್ಲ. ಹೊಸದಾಗಿ ಕೂರೋದನ್ನ ನಿಧಾನ ಮಾಡುತ್ತೆ, ಅಷ್ಟೇ’ ಅಂದರು ವೈದ್ಯೆ. ಆ ಪ್ರಯೋಗದಲ್ಲೂ ಬದುಕುಳಿಯುವುದರ ವ್ಯತ್ಯಾಸ ಕಾಣಿಸಿಕೊಂಡದ್ದು ಸುಮಾರು ಒಂದೂವರೆ ವರ್ಷದ ನಂತರ. ಹಾಗಾಗಿ ಬೇಗ ಶುರು ಮಾಡಿದವರಿಗೆ ಲಾಭ ಹೆಚ್ಚು, ಶುರು ಮಾಡಿದವರು ನಾಳೆಯೇ ಹಗುರ ಅನಿಸಲಿ ಅಂತ ಕಾಯಬಾರದು. ಬೆಲೆಯಂತೂ ಎದೆ ಝಲ್ ಅನಿಸುವಂಥದ್ದು. ಅಮೆರಿಕದಲ್ಲಿ ಟಫಾಮಿಡಿಸ್ ಬಂದಾಗ ಪಟ್ಟಿಯ ಬೆಲೆ ವರ್ಷಕ್ಕೆ 2.25 ಲಕ್ಷ ಡಾಲರ್. ಡೈಫ್ಲುನಿಸಾಲ್ ಅನ್ನುವ ಹಳೇ ನೋವಿನ ಮಾತ್ರೆಯೂ ಪ್ರೋಟೀನನ್ನು ಹಿಡಿದಿಡುತ್ತದೆ, ಆದರೆ ಕಿಡ್ನಿಗೆ ಹೊರೆ, ಮೈಯಲ್ಲಿ ನೀರು ನಿಲ್ಲುತ್ತದೆ. ಅಪ್ಪನ ಕಿಡ್ನಿ ಆಗಲೇ ಸೋತಿತ್ತು, ಆ ದಾರಿ ಮುಚ್ಚಿತು. ಮನೆ ಕೊಳ್ಳಲು ಕೂಡಿಟ್ಟ ದುಡ್ಡಿನ ಲೆಕ್ಕವನ್ನು ನಾನೂ ಅಕ್ಕನೂ ಮತ್ತೆ ಬರೆದೆವು. ಅಪ್ಪನಿಗೆ ಪೂರ್ತಿ ಮೊತ್ತ ಹೇಳಿಲ್ಲ.

ಔಷಧಿ ಬರುವ ಮುಂಚೆಯೇ ಎರಡು ಬದಲಾವಣೆ ಆಗಿತ್ತು. ಬೀಟಾ ಬ್ಲಾಕರ್ ನಿಂತಿತು, ನೀರು ಇಳಿಸುವ ಮಾತ್ರೆ ಶುರುವಾಯಿತು. ಇದರಲ್ಲೂ ಅಂಚು ಸಣ್ಣದು. ಕಡಿಮೆಯಾದರೆ ಕಾಲು ಊದುತ್ತೆ. ಜಾಸ್ತಿಯಾದರೆ, ಮೊದಲೇ ಕಡಿಮೆ ತುಂಬುವ ಹೃದಯ ಇನ್ನೂ ಬರಿದಾಗಿ ತಲೆ ಸುತ್ತುತ್ತೆ. ಅದಕ್ಕೆ ಅಪ್ಪ ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ತೂಕ ನೋಡಿ ಗೋಡೆಯ ಕ್ಯಾಲೆಂಡರ್ ಮೇಲೆ ಬರೆಯುತ್ತಾರೆ. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ವೈದ್ಯೆಗೆ ಫೋನ್.

ನಿಮ್ಮ ಮನೆಯ ಹಿರಿಯರಿಗೆ ‘ಗೋಡೆ ದಪ್ಪ ಆಗಿದೆ’ ಅನ್ನುವ ಎಕೋ ರಿಪೋರ್ಟ್ ಬಂದಿದ್ದರೆ, ಅದೇ ಫೈಲಿನ ಇಸಿಜಿಯನ್ನು ಪಕ್ಕದಲ್ಲಿಡಿ. ಎರಡೂ ಕೈಗೆ ಕಾರ್ಪಲ್ ಟನಲ್ ಆಗಿತ್ತಾ, ಹಳೇ ಬಿಪಿ ಕಾರಣವಿಲ್ಲದೆ ಇಳಿಯಿತಾ, ಬಡಿತ ಇಳಿಸುವ ಮಾತ್ರೆ ಒಗ್ಗಲಿಲ್ಲವಾ ಅಂತ ನೆನಪು ಮಾಡಿಕೊಂಡು ಹೃದ್ರೋಗ ತಜ್ಞರಿಗೆ ಹೇಳಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ.

ಟಫಾಮಿಡಿಸ್ ಶುರುವಾಗಿ ಈಗ ಒಂಬತ್ತು ತಿಂಗಳು. ಮೊನ್ನೆಯ ಎಕೋದಲ್ಲಿ ಗೋಡೆ 17 ಮಿ.ಮೀ.ನಲ್ಲೇ ಇದೆ. ‘ಇಳಿದಿಲ್ಲವಲ್ಲೋ’ ಅಂದರು ಅಪ್ಪ. ‘ಏರಿಲ್ಲವಲ್ಲ ಅಪ್ಪ’ ಅಂದೆ. ಅವರು ಕ್ಯಾಲೆಂಡರ್‌ನಲ್ಲಿ ಆ ದಿನದ ತೂಕದ ಪಕ್ಕ ‘17’ ಅಂತ ಬರೆದು ಒಂದು ಸುತ್ತು ಹಾಕಿದರು, ಶಾಲೆಯಲ್ಲಿ ಸರಿ ಉತ್ತರಕ್ಕೆ ಹಾಕುತ್ತಿದ್ದ ಹಾಗೆ.