ಲೆನ್ಸ್ ಕೊಳ್ಳುವ ಮೊದಲು ಹಿಂಬದಿಯ ಫೋಟೊ ಕೇಳಿ

‘ನಿಕಾನ್ 50 ಎಂಎಂ 1.8 ಲೆನ್ಸ್, ಒಳ್ಳೆ ಕಂಡೀಷನ್.’ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಸಾಮಾನು ಮಾರುವ ಆನ್‌ಲೈನ್ ತಾಣಗಳಲ್ಲಿ ಇಂಥ ಒಂದು ಸಾಲಿನ ಜಾಹೀರಾತುಗಳು ಸಾಮಾನ್ಯ. ಜೊತೆಗೆ ಮುಂದಿನ ಗಾಜು ಹೊಳೆಯುವ ಒಂದು ಫೋಟೊ. ತೊಂದರೆ ಏನೆಂದರೆ, ಈ ಸಾಲಿಗೆ ಹೊಂದುವ ಲೆನ್ಸ್ ಒಂದೇ ಅಲ್ಲ. ಹೆಚ್ಚಾಗಿ ಸಿಗುವವು ಎರಡು: ಹಳೆಯ 1.8ಡಿ ಮತ್ತು 2011ರಲ್ಲಿ ಬಂದ 1.8ಜಿ. ಕೊನೆಯ ಆ ಒಂದು ಅಕ್ಷರವನ್ನು ಮಾರುವವರು ಬರೆಯದೆ ಬಿಡುವುದೇ ಹೆಚ್ಚು.

ಆ ಅಕ್ಷರದಲ್ಲೇ ಎಲ್ಲ ಇದೆ. ಡಿ ಲೆನ್ಸಿನೊಳಗೆ ಮೋಟಾರ್ ಇಲ್ಲ. ಕ್ಯಾಮೆರಾದೊಳಗಿನ ಮೋಟಾರು ಒಂದು ಪುಟ್ಟ ಕಡ್ಡಿಯ ಮೂಲಕ ಲೆನ್ಸನ್ನು ತಿರುಗಿಸಿ ಫೋಕಸ್ ಮಾಡಬೇಕು. ಜಿ ಲೆನ್ಸಿಗೆ ತನ್ನದೇ ಮೋಟಾರ್ ಇದೆ. ಹೊಸದಾಗಿ ಕಲಿಯುವವರು ಕೊಳ್ಳುವ ಡಿ3500, ಡಿ5600 ಮುಂತಾದ ಕ್ಯಾಮೆರಾಗಳಲ್ಲಿ ಮೋಟಾರ್ ಇಲ್ಲ. ಇವಕ್ಕೆ ಡಿ ಲೆನ್ಸ್ ಹಾಕಿದರೆ ಸರಿಯಾಗಿ ಕೂರುತ್ತದೆ, ಫೋಟೊವೂ ಬರುತ್ತದೆ, ಆದರೆ ಫೋಕಸ್ ಮಾತ್ರ ಕೈಯಲ್ಲೇ ತಿರುಗಿಸಬೇಕು. ಓಡಾಡುವ ಮಗುವಿನ ಫೋಟೊ ತೆಗೆಯಲು ಲೆನ್ಸ್ ಕೊಂಡವರಿಗೆ ಇದು ದೊಡ್ಡ ನಿರಾಸೆ.

‘ಆಟೋಫೋಕಸ್ ಕೆಲಸ ಮಾಡುತ್ತಾ?’ ಎಂದು ಕೇಳಿದರೆ ಸಾಲದೇ? ಸಾಲದು. ಮಾರುವವರ ಬಳಿ ಡಿ90 ಅಥವಾ ಡಿ7000 ಇದ್ದರೆ ಅದರೊಳಗೆ ಮೋಟಾರ್ ಇರುತ್ತದೆ. ಅವರು ‘ಫಸ್ಟ್ ಕ್ಲಾಸಾಗಿ ಆಗುತ್ತೆ’ ಎಂದರೆ ಅದು ಸುಳ್ಳಲ್ಲ. ಅವರ ಕ್ಯಾಮೆರಾದಲ್ಲಿ ನಿಜವಾದದ್ದು ನಿಮ್ಮದರಲ್ಲಿ ನಿಜವಾಗದು, ಅಷ್ಟೆ. ಹಾಗಾಗಿ ಉತ್ತರ ಕೇಳುವುದಕ್ಕಿಂತ ಫೋಟೊ ಕೇಳುವುದು ಮೇಲು. ‘ಇನ್ನೂ ಕೆಲವು ಫೋಟೊ ಕಳಿಸಿ’ ಎಂದರೆ ಮತ್ತೆ ಮುಂದಿನ ಗಾಜಿನದೇ ನಾಲ್ಕು ಫೋಟೊ ಬರುತ್ತವೆ. ಯಾವ ಭಾಗ, ಯಾಕೆ ಎಂದು ಬಿಡಿಸಿ ಹೇಳಬೇಕು. ಹೀಗೆ ಬರೆಯಬಹುದು:

‘ನಮಸ್ಕಾರ ಸರ್. ನಿಮ್ಮ 50 ಎಂಎಂ ಲೆನ್ಸ್ ಜಾಹೀರಾತು ನೋಡಿದೆ. ನನ್ನ ಹತ್ತಿರ ಇರೋದು ಡಿ3500. ಅದರಲ್ಲಿ ಜಿ ಮಾಡೆಲ್‌ಗೆ ಮಾತ್ರ ಆಟೋಫೋಕಸ್ ಆಗುತ್ತೆ, ಡಿ ಮಾಡೆಲ್‌ಗೆ ಆಗಲ್ಲ. ಯಾವುದು ಅಂತ ಖಚಿತ ಮಾಡ್ಕೊಳ್ಳೋಕೆ ಮೂರು ಫೋಟೊ ಬೇಕಿತ್ತು. ಒಂದು, ಲೆನ್ಸ್ ಮೇಲೆ ಹೆಸರು ಬರೆದಿರೋ ಜಾಗ, ಅಕ್ಷರ ಓದೋ ಹಾಗೆ. ಎರಡು, ಇವತ್ತಿನ ಪೇಪರ್ ಮೇಲೆ ಇಟ್ಟು ಪಕ್ಕದಿಂದ. ಮೂರು, ಹಿಂದಿನ ಕ್ಯಾಪ್ ತೆಗೆದು, ಕ್ಯಾಮೆರಾಗೆ ಕೂರೋ ಲೋಹದ ಭಾಗ. ಫ್ಲ್ಯಾಶ್ ಬೇಡ, ಕಿಟಕಿ ಹತ್ತಿರ ತೆಗೆದರೆ ಸಾಕು. ಜಿ ಆಗಿದ್ದರೆ ಭಾನುವಾರ ಬಂದು ನೋಡಿ ತಗೊಳ್ತೀನಿ.’

ಕಾರಣ ಹೇಳಿದ್ದರಿಂದ ಮಾರುವವರಿಗೆ ಇದು ಕಾಟ ಎನಿಸದು. ಕೊಳ್ಳುವ ದಿನ ಹೇಳಿದ್ದರಿಂದ ಬರೀ ವಿಚಾರಿಸಿ ಸುಮ್ಮನಾಗುವ ಗಿರಾಕಿಯಲ್ಲ ಎಂಬ ನಂಬಿಕೆ ಬರುತ್ತದೆ. ಪೇಪರ್ ಮೇಲಿಟ್ಟು ಎಂದದ್ದು ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಫೋಟೊ ಬಾರದಿರಲಿ ಎಂದು. ಫ್ಲ್ಯಾಶ್ ಬೇಡ ಎಂದದ್ದಕ್ಕೂ ಕಾರಣವಿದೆ: ಲೋಹ ಹೊಳೆದು, ನೋಡಬೇಕಾದ ಗುರುತೇ ಬೆಳಕಿನಲ್ಲಿ ಮುಚ್ಚಿಹೋಗುತ್ತದೆ.

ಫೋಟೊ ಬಂದ ಮೇಲೆ ಓದುವುದು ಹೇಗೆ? ಹೆಸರಿನಲ್ಲಿ ‘ಎಎಫ್-ಎಸ್’ ಎಂದೂ 1.8ರ ಮುಂದೆ ‘ಜಿ’ ಎಂದೂ ಇದ್ದರೆ ನಿಮಗೆ ಬೇಕಾದದ್ದು. ಬರೀ ‘ಎಎಫ್’ ಇದ್ದರೆ ಅಲ್ಲ. ಹೆಸರಿನಲ್ಲಿ ‘ಝಡ್’ ಇದ್ದರೆ ಅದು ಮಿರರ್‌ಲೆಸ್ ಕ್ಯಾಮೆರಾದ ಲೆನ್ಸ್, ಡಿ3500ಗೆ ಕೂರುವುದೇ ಇಲ್ಲ. ಅಕ್ಷರ ಮಸುಕಾಗಿದ್ದರೆ ಪಕ್ಕದ ಫೋಟೊ ನೋಡಿ. ಹಿಂಬದಿಯ ಹತ್ತಿರ 1.8ರಿಂದ 22ರವರೆಗೆ ಅಂಕಿಗಳಿರುವ, ತಿರುಗುವ ಬಳೆ ಇದ್ದರೆ ಅದು ಜಿ ಅಲ್ಲ. ಜಿ ಲೆನ್ಸಿನಲ್ಲಿ ಆ ಬಳೆ ಇರುವುದಿಲ್ಲ, ಬದಲಿಗೆ ಪಕ್ಕದಲ್ಲೊಂದು ಸಣ್ಣ ಫೋಕಸ್ ಸ್ವಿಚ್ ಇರುತ್ತದೆ.

ಕೊನೆಯ ಮಾತು ಹಿಂಬದಿಯದು. ಅಲ್ಲಿ ಸಾಲಾಗಿರುವ ಲೋಹದ ಚುಕ್ಕೆಗಳನ್ನು ಕಂಡು ‘ಎಲೆಕ್ಟ್ರಾನಿಕ್ ಲೆನ್ಸ್, ಹಾಗಾದರೆ ಆಟೋಫೋಕಸ್ ಇದೆ’ ಎಂದುಕೊಳ್ಳಬೇಡಿ, ಅವು ಎರಡರಲ್ಲೂ ಇವೆ. ನೋಡಬೇಕಾದದ್ದು ಲೋಹದ ಉಂಗುರದಲ್ಲಿ ನಡುವೆ ಒಂದೇ ಸೀಳಿರುವ, ಸ್ಕ್ರೂ ತಲೆಯಂಥ ಗುಂಡಿ. ಕ್ಯಾಮೆರಾ ಮೋಟಾರಿನ ಕಡ್ಡಿ ಕೂರುವ ಜಾಗ ಅದು; ಕಂಡರೆ ಲೆನ್ಸಿಗೆ ಸ್ವಂತ ಮೋಟಾರ್ ಇಲ್ಲ ಎಂದೇ ಅರ್ಥ. ಉಂಗುರವನ್ನು ಬಿಗಿದ ಸ್ಕ್ರೂಗಳೂ ಅಲ್ಲೇ ಇರುತ್ತವೆ, ಆದರೆ ಅವುಗಳ ತಲೆಯ ಮೇಲೆ ಪ್ಲಸ್ ಗುರುತು. ಜಿ ಲೆನ್ಸಿನಲ್ಲಿ ಆ ಸೀಳು ಗುಂಡಿ ಇಲ್ಲ, ಉಂಗುರದ ಸುತ್ತ ತೆಳುವಾದ ಕಪ್ಪು ರಬ್ಬರ್ ಅಂಚು ಇರುತ್ತದೆ.

ಒಂದು ಮಿತಿಯನ್ನು ಮರೆಯಬಾರದು. ಈ ಫೋಟೊಗಳು ಮಾಡೆಲ್ ಯಾವುದೆಂದು ಹೇಳುತ್ತವೆಯೇ ಹೊರತು ಒಳಗಿನ ಮೋಟಾರ್ ಓಡುತ್ತದೆಯೇ, ಗಾಜಿನಲ್ಲಿ ಫಂಗಸ್ ಇದೆಯೇ ಎಂದು ಹೇಳಲಾರವು. ಅದಕ್ಕೆ ನಿಮ್ಮ ಕ್ಯಾಮೆರಾವನ್ನೇ ತೆಗೆದುಕೊಂಡು ಹೋಗಿ ಹಾಕಿ ನೋಡಬೇಕು. ಲೆನ್ಸ್ ಡಿ ಎಂದು ತಿಳಿದರೂ ಕೈಯಲ್ಲಿ ಫೋಕಸ್ ಮಾಡಲು ಒಪ್ಪಿಗೆಯಿದ್ದರೆ, ಡಿ ಲೆನ್ಸಿನ ಬೆಲೆಗೆ ಮಾತಾಡಿ ಕೊಳ್ಳಿ. ಆದರೆ ವಿನಯದಿಂದ ಎರಡು ಸಲ ಕೇಳಿದರೂ ಹಿಂಬದಿಯ ಫೋಟೊ ಕಳಿಸದವರಿಗೆ ಮುಂಗಡ ಕಳಿಸಬೇಡಿ.